ಹರಪನಹಳ್ಳಿಯನ್ನು ಎತ್ತಿಡುವ ಲೆಕ್ಕ

ಹರಪನಹಳ್ಳಿ ಇದ್ದಲ್ಲೇ ಇದೆ, ಒಂದು ಅಂಗುಲವೂ ಕದಲಿಲ್ಲ. ಆದರೆ ಕಾಗದದ ಮೇಲೆ ಅದು ತಿರುಗಿದಷ್ಟು ಊರು ನಮ್ಮ ರಾಜ್ಯದಲ್ಲಿ ಹೆಚ್ಚು ತಿರುಗಿರಲಿಕ್ಕಿಲ್ಲ. 1997ರವರೆಗೆ ಅದು ಬಳ್ಳಾರಿ ಜಿಲ್ಲೆಯ ತಾಲೂಕು. ಆ ವರ್ಷ ದಾವಣಗೆರೆ ಜಿಲ್ಲೆ ಹುಟ್ಟಿತು, ಹರಪನಹಳ್ಳಿ ದಾವಣಗೆರೆಗೆ ಬಂತು. ಸಂವಿಧಾನದ 371(ಜೆ) ವಿಧಿಯ ಸೌಲಭ್ಯ ನಮಗೂ ಬೇಕೆಂದು ಅಲ್ಲಿನವರು ಹೋರಾಡಿದ ಮೇಲೆ 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು. ಅಲ್ಲಿ ನೆಲೆ ನಿಲ್ಲುವ ಮುಂಚೆ, 2021ರಲ್ಲಿ ಬಳ್ಳಾರಿ ಒಡೆದು ವಿಜಯನಗರ ಜಿಲ್ಲೆಯಾಯಿತು. ಹರಪನಹಳ್ಳಿ ಅದರ ಪಾಲಿಗೆ ಬಿತ್ತು.

ಊರಿನವರಿಗೆ ಇದರಿಂದ ಎಷ್ಟು ಕಚೇರಿ ಸುತ್ತಾಟವಾಯಿತೋ ಅವರೇ ಹೇಳಬೇಕು. ನನಗಾದ ಸುತ್ತಾಟ ಬೇರೆ ಥರದ್ದು. ನಾನು ದಾವಣಗೆರೆಯಲ್ಲಿ ಬೀಜ, ಗೊಬ್ಬರ ಮಾರುವ ಒಂದು ಸಂಸ್ಥೆಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಟ್ಟವನು. ಯಾವ ಊರಿನ ಅಂಗಡಿಗೆ ಎಷ್ಟು ಮೂಟೆ ಹೋಯಿತು, ಹೋಬಳಿಗೆ ಎಷ್ಟು, ತಾಲೂಕಿಗೆ ಎಷ್ಟು, ಜಿಲ್ಲೆಗೆ ಎಷ್ಟು ಎಂದು ಅದು ಹೇಳಬೇಕು. ರಾಜ್ಯ, ವಿಭಾಗ, ಜಿಲ್ಲೆ, ತಾಲೂಕು, ಹೋಬಳಿ, ಹಳ್ಳಿ: ಒಂದರ ಹೊಟ್ಟೆಯಲ್ಲಿ ಇನ್ನೊಂದು. ಇಂಥದ್ದನ್ನು ನಮ್ಮ ಕಸುಬಿನಲ್ಲಿ ಮರ ಎನ್ನುತ್ತೇವೆ, ಬೇರು ಮೇಲೆ, ಎಲೆ ಕೆಳಗೆ. ಆನ್‌ಲೈನ್ ಅಂಗಡಿಯಲ್ಲಿ ಅಡುಗೆಮನೆ, ಅದರೊಳಗೆ ಪಾತ್ರೆ, ಅದರೊಳಗೆ ಕುಕ್ಕರ್ ಎಂದು ಒಂದೊಂದೇ ಒತ್ತುತ್ತಾ ಹೋಗುತ್ತೀರಲ್ಲ, ಅದೂ ಇದೇ ಮರ.

ತೊಡಕು ಎಲ್ಲಿದೆಯೆಂದರೆ, ಡೇಟಾಬೇಸ್ ಒಳಗೆ ಮರ ಇರುವುದಿಲ್ಲ. ಅಲ್ಲಿರುವುದು ಅಡ್ಡಗೆರೆ, ಉದ್ದಗೆರೆ ಎಳೆದ ಖಾತೆ ಪುಸ್ತಕದಂಥ ಟೇಬಲ್. ಮೊದಲು ಹೀಗಿರಲಿಲ್ಲ. 1960ರ ದಶಕದಲ್ಲಿ ಚಂದ್ರನತ್ತ ಹೊರಟ ಅಪೊಲೊ ಯೋಜನೆಯ ಬಿಡಿಭಾಗಗಳ ಪಟ್ಟಿ ಇಡಲೆಂದು ಐಬಿಎಂ ಕಂಪನಿ ಕಟ್ಟಿದ ಐಎಂಎಸ್ ಎಂಬ ಡೇಟಾಬೇಸ್ ಪೂರ್ತಿ ಮರದ ರೂಪದ್ದೇ. ಭಾಗದೊಳಗೆ ಭಾಗ, ಅದರೊಳಗೆ ಬೋಲ್ಟು. 1970ರಲ್ಲಿ ಅದೇ ಕಂಪನಿಯ ಎಡ್ಗರ್ ಕಾಡ್ ಎಲ್ಲವನ್ನೂ ಚಪ್ಪಟೆ ಟೇಬಲ್‌ಗಳಲ್ಲಿ ಇಡಬಹುದೆಂದು ತೋರಿಸಿದ ಮೇಲೆ ಲೋಕವೇ ಆ ಕಡೆ ವಾಲಿತು. ನೂರು ಕೆಲಸ ಸಲೀಸಾಯಿತು, ಮರ ಮಾತ್ರ ಕಷ್ಟವಾಯಿತು. ಚಪ್ಪಟೆ ಪುಸ್ತಕದಲ್ಲಿ ಮರವನ್ನು ಬರೆದಿಡಲು ಹುಟ್ಟಿಕೊಂಡ ಉಪಾಯಗಳಲ್ಲಿ ಮೂರನ್ನು ನಾನು ಒಂದಾದ ಮೇಲೊಂದು ಬಳಸಿದೆ. ಮೂರಕ್ಕೂ ಹರಪನಹಳ್ಳಿಯೇ ಪರೀಕ್ಷೆ ಇಟ್ಟಿತು.

ಮೊದಲನೆಯದು ಯಾರಿಗಾದರೂ ತಾನಾಗಿ ಹೊಳೆಯುವಂಥದ್ದು. ಪ್ರತಿ ಊರಿಗೂ ಒಂದು ಸಾಲು; ಆ ಸಾಲಿನಲ್ಲಿ ಊರಿನ ಸಂಖ್ಯೆ, ಹೆಸರು, ಮತ್ತು ಅದರ ಅಪ್ಪನ ಸಂಖ್ಯೆ. ಇದಕ್ಕೆ ಅಡ್ಜೆಸೆನ್ಸಿ ಲಿಸ್ಟ್ ಎಂಬ ದೊಡ್ಡ ಹೆಸರಿದೆ. ನಮ್ಮ ಟೇಬಲ್‌ನ ಒಂದು ತುಂಡು ಹೀಗಿತ್ತು:

```
id    name               parent_id
1     ಕರ್ನಾಟಕ             -
2     ಬೆಂಗಳೂರು ವಿಭಾಗ      1
3     ಕಲಬುರಗಿ ವಿಭಾಗ       1
12    ದಾವಣಗೆರೆ            2
14    ಬಳ್ಳಾರಿ             3
85    ಹರಪನಹಳ್ಳಿ           12
412   ಚಿಗಟೇರಿ ಹೋಬಳಿ       85
```

ಹೆಸರಿನ ಬದಲು ಸಂಖ್ಯೆ ಏಕೆಂದು ಕೇಳಬಹುದು. ಹರಪನಹಳ್ಳಿ ತಾಲೂಕಿನಲ್ಲಿ ಒಂದು ಅರಸೀಕೆರೆ ಇದೆ, ಹಾಸನ ಜಿಲ್ಲೆಯಲ್ಲಿ ಇನ್ನೊಂದು ಅರಸೀಕೆರೆ ಇದೆ. ಹೆಸರು ನಂಬಿದರೆ ಹಾಸನಕ್ಕೆ ಹೋಗಬೇಕಾದ ಗೊಬ್ಬರ ಇಲ್ಲೇ ಇಳಿಯುತ್ತದೆ.

ಈ ಪದ್ಧತಿಯಲ್ಲಿ ಪ್ರತಿಯೊಬ್ಬನಿಗೂ ತನ್ನ ಅಪ್ಪ ಗೊತ್ತು, ಅಜ್ಜ ಗೊತ್ತಿಲ್ಲ. ಚಿಗಟೇರಿಯನ್ನು ಕೇಳಿದರೆ 85 ಎನ್ನುತ್ತದೆ, ಅಷ್ಟೇ. ಜಿಲ್ಲೆ ಬೇಕಾದರೆ 85ರ ಹತ್ತಿರ ಹೋಗಿ ಕೇಳಬೇಕು, ಅದು 12 ಎನ್ನುತ್ತದೆ. ಕೆಳಗಿಳಿಯುವಾಗ ಇನ್ನೂ ಕಷ್ಟ. ದಾವಣಗೆರೆ ಜಿಲ್ಲೆಯ ಒಟ್ಟು ಮಾರಾಟ ಬೇಕೆಂದರೆ 12ನ್ನು ಅಪ್ಪ ಎಂದವರನ್ನೆಲ್ಲ ಹುಡುಕಬೇಕು, ಆಮೇಲೆ ಅವರನ್ನು ಅಪ್ಪ ಎಂದವರನ್ನು, ಆಮೇಲೆ ಅವರ ಮಕ್ಕಳನ್ನು. ಹೀಗೆ ಸುತ್ತು ಹೊಡೆಯುವ ಕ್ವೆರಿಗೆ ಎಸ್‌ಕ್ಯೂಎಲ್ ಭಾಷೆಯಲ್ಲಿ 1999ರ ನಿಯಮಾವಳಿಯಲ್ಲೇ ಜಾಗವಿತ್ತು. ಆದರೆ ಸಣ್ಣಪುಟ್ಟ ಕಚೇರಿಗಳೆಲ್ಲ ನೆಚ್ಚಿಕೊಂಡಿದ್ದ ಮೈಎಸ್‌ಕ್ಯೂಎಲ್‌ಗೆ ಅದು ಬಂದದ್ದು 2018ರ ಏಪ್ರಿಲ್‌ನಲ್ಲಿ, 8.0 ಆವೃತ್ತಿಯ ಜೊತೆಗೆ. ಈಗಾದರೆ ಹೀಗೆ ಬರೆಯುತ್ತೇವೆ:

```sql
WITH RECURSIVE t AS (
  SELECT id FROM place WHERE id = 12
  UNION ALL
  SELECT p.id FROM place p
  JOIN t ON p.parent_id = t.id
)
SELECT id FROM t;
```

ಮೊದಲ ಸಾಲು 12ನ್ನು ಹಿಡಿಯುತ್ತದೆ. ಆಮೇಲಿನದು ಕೈಗೆ ಸಿಕ್ಕವರ ಮಕ್ಕಳನ್ನು ತರುತ್ತದೆ, ಮತ್ತೆ ಆ ಮಕ್ಕಳ ಮಕ್ಕಳನ್ನು, ಇನ್ನು ಯಾರೂ ಸಿಗದವರೆಗೆ. ನಾನು ಶುರು ಮಾಡಿದಾಗ ಇದಿರಲಿಲ್ಲ. ಅದೇ ಟೇಬಲನ್ನು ಅದಕ್ಕೇ ನಾಲ್ಕು ಸಲ ಜೋಡಿಸಿ, ಮೇಲಿಂದ ಕೆಳಗೆ ಇಷ್ಟೇ ಮೆಟ್ಟಿಲು ಎಂದು ನಂಬಿ ಬರೆದಿದ್ದೆ. ಯಾರೋ ಒಬ್ಬರು ಹೋಬಳಿಗೂ ಹಳ್ಳಿಗೂ ನಡುವೆ ಗ್ರಾಮ ಪಂಚಾಯಿತಿ ಎಂಬ ಮೆಟ್ಟಿಲು ತೂರಿಸಿದ ದಿನ ಆ ಹಳ್ಳಿಗಳ ಮಾರಾಟವೆಲ್ಲ ವರದಿಯಿಂದ ಮಾಯವಾಯಿತು. ತಪ್ಪು ಸಂದೇಶವೂ ಬರಲಿಲ್ಲ. ಮೊತ್ತ ಕಡಿಮೆ ಬಂತು, ಅಷ್ಟೇ.

ಈ ಪದ್ಧತಿಯ ಚೆಲುವು ಇರುವುದು ಎತ್ತಿಡುವುದರಲ್ಲಿ. ಹರಪನಹಳ್ಳಿ ದಾವಣಗೆರೆಯಿಂದ ಬಳ್ಳಾರಿಗೆ ಹೋಗಬೇಕೇ? ಒಂದೇ ಸಾಲು:

```sql
UPDATE place SET parent_id = 14 WHERE id = 85;
```

ಹೋಬಳಿ, ಹಳ್ಳಿ ಯಾವುದನ್ನೂ ಮುಟ್ಟಬೇಕಾಗಿಲ್ಲ. ಕೊಂಬೆ ಮುರಿದು ಬೇರೆಡೆ ಕಸಿ ಮಾಡಿದರೆ ಎಲೆಗಳು ತಾವಾಗಿ ಜೊತೆಗೆ ಹೋಗುವ ಹಾಗೆ. ಬೆಂಗಳೂರು ವಿಭಾಗ ಬಿಟ್ಟು ಕಲಬುರಗಿ ವಿಭಾಗಕ್ಕೆ ಸೇರುವುದೂ ಅದರಲ್ಲೇ ಆಗಿಹೋಗುತ್ತದೆ, ಏಕೆಂದರೆ ಬಳ್ಳಾರಿಯ ಅಪ್ಪ 3 ಎಂದು ಬಳ್ಳಾರಿಗೆ ಗೊತ್ತಿದೆ.

ಒಂದು ಅಪಾಯವಿದೆ. ಕೈತಪ್ಪಿ ಹರಪನಹಳ್ಳಿಯ ಅಪ್ಪ 412 ಎಂದು ಒತ್ತಿದಿರಿ ಎನ್ನಿ. ಈಗ ಚಿಗಟೇರಿಯ ಅಪ್ಪ ಹರಪನಹಳ್ಳಿ, ಹರಪನಹಳ್ಳಿಯ ಅಪ್ಪ ಚಿಗಟೇರಿ. ಡೇಟಾಬೇಸ್ ಚಕಾರ ಎತ್ತುವುದಿಲ್ಲ. 412 ಎಂಬ ಸಂಖ್ಯೆ ಟೇಬಲ್‌ನಲ್ಲಿದೆ ತಾನೇ, ಅದಕ್ಕೆ ಅಷ್ಟು ಸಾಕು. ಕರ್ನಾಟಕದಿಂದ ಇಳಿದು ಬರುವ ವರದಿಗೆ ಆ ತಾಲೂಕು ಪೂರ್ತಿ ಕಾಣುವುದೇ ಇಲ್ಲ. ಹರಪನಹಳ್ಳಿಯಿಂದಲೇ ಶುರು ಮಾಡುವ ಕ್ವೆರಿ ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತದೆ. ಮೈಎಸ್‌ಕ್ಯೂಎಲ್ ಸಾವಿರ ಸುತ್ತಿಗೆ ಸಾಕು ಎಂದು ನಿಲ್ಲಿಸಿ ದೂರು ಹೇಳುತ್ತದೆ. ಆ ದೂರು ಕಂಡರೆ ಮರದಲ್ಲಿ ಎಲ್ಲೋ ಗಂಟು ಬಿದ್ದಿದೆ ಎಂದೇ ತಿಳಿಯಬೇಕು.

ಎರಡನೆಯ ಪದ್ಧತಿಗೆ ನಾನು ದಾಟಿದ್ದು ಸೋಮಾರಿತನದಿಂದ. ನಾಲ್ಕು ಸಲ ಟೇಬಲ್ ಜೋಡಿಸುವ ಬದಲು ಪ್ರತಿ ಊರಿನ ಸಾಲಿನಲ್ಲೂ ಬೇರಿನಿಂದ ಅಲ್ಲಿಯವರೆಗಿನ ದಾರಿಯನ್ನೇ ಬರೆದುಬಿಟ್ಟರೆ? ಮದುವೆ ಕರೆಯೋಲೆಯಲ್ಲಿ ಮುತ್ತಜ್ಜನಿಂದ ಹಿಡಿದು ಹೆಸರು ಬರೆಯುವ ಹಾಗೆ. ಚಿಗಟೇರಿಯ ದಾರಿ `/1/2/12/85/412/`. ಇದು ಮೆಟೀರಿಯಲೈಸ್ಡ್ ಪಾತ್. ದಾರಿಯನ್ನು ಪ್ರತಿ ಸಲ ಹುಡುಕದೆ ಒಮ್ಮೆ ಬರೆದಿಟ್ಟುಕೊಳ್ಳುವುದು.

ನೀವು ದಿನಾ ಬರೆಯುವ ಪಿನ್‌ಕೋಡ್ ಇದೇ ಜಾತಿಯದು. 1972ರಲ್ಲಿ ಅಂಚೆ ಇಲಾಖೆ ತಂದ ಆರು ಅಂಕಿಗಳಲ್ಲಿ ಮೊದಲನೆಯದು ದೇಶದ ಯಾವ ವಲಯ ಎಂದು ಹೇಳುತ್ತದೆ, ಮೊದಲ ಮೂರು ಸೇರಿ ಕಾಗದ ವಿಂಗಡಿಸುವ ಜಿಲ್ಲೆಯನ್ನು, ಕೊನೆಯ ಮೂರು ಅಂಚೆ ಕಚೇರಿಯನ್ನು. 577 ಕಂಡರೆ ದಾವಣಗೆರೆ ಕಡೆಯ ಚೀಲ, 583 ಕಂಡರೆ ಬಳ್ಳಾರಿ ಕಡೆಯ ಚೀಲ. ವಿಂಗಡಿಸುವವರು ಪೂರ್ತಿ ವಿಳಾಸ ಓದಬೇಕಾಗಿಲ್ಲ, ಮೊದಲ ಅಂಕಿಗಳು ಸಾಕು. ಡೇಟಾಬೇಸ್‌ಗೂ ಇದೇ ಅನುಕೂಲ. ದಾವಣಗೆರೆ ಜಿಲ್ಲೆಯಲ್ಲಿರುವುದೆಲ್ಲ ಬೇಕೇ? `/1/2/12/` ಎಂದು ಶುರುವಾಗುವ ದಾರಿಗಳನ್ನೆಲ್ಲ ಕೊಡು ಎಂದರಾಯಿತು. ನಿಘಂಟಿನಲ್ಲಿ ‘ಕಲ್’ ಎಂದು ಶುರುವಾಗುವ ಪದಗಳೆಲ್ಲ ಒಂದೇ ಕಡೆ ಸಿಗುವ ಹಾಗೆ ಇಂಡೆಕ್ಸ್ ಅವನ್ನು ಒಟ್ಟಿಗೆ ಎತ್ತಿಕೊಡುತ್ತದೆ. ನನ್ನ ವರದಿ ಚಹಾ ಮುಗಿಯುವ ಹೊತ್ತು ತೆಗೆದುಕೊಳ್ಳುತ್ತಿದ್ದದ್ದು ಕಣ್ಣು ಮಿಟುಕಿಸುವಷ್ಟಕ್ಕೆ ಬರತೊಡಗಿತು. ನಾನು ಉಬ್ಬಿಹೋದೆ.

ಆಗ 2018 ಬಂತು. ಈ ಪದ್ಧತಿಯಲ್ಲಿ ಕೊಂಬೆ ಕಸಿ ಮಾಡಿದರೆ ಎಲೆಗಳು ತಾವಾಗಿ ಬರುವುದಿಲ್ಲ. ಹರಪನಹಳ್ಳಿ ತಾಲೂಕಿನ ಪ್ರತಿ ಹೋಬಳಿ, ಪ್ರತಿ ಹಳ್ಳಿಯ ಹಣೆಯ ಮೇಲೂ `/1/2/12/` ಎಂದು ಬರೆದಿದೆ. ಎಲ್ಲವನ್ನೂ ಅಳಿಸಿ `/1/3/14/` ಎಂದು ಬರೆಯಬೇಕು. ನಾನು ಬರೆದದ್ದು ಇದು:

```sql
UPDATE place
SET path = CONCAT('/1/3/14/',
    SUBSTRING(path, LENGTH('/1/2/12/') + 1))
WHERE path LIKE '/1/2/12/85%';
```

ಓಡಿಸಿದೆ, ಊಟಕ್ಕೆ ಹೋದೆ. ತಿಂಗಳ ಕೊನೆಗೆ ಲೆಕ್ಕ ನೋಡುವ ಹಿರಿಯರು ಫೋನ್ ಮಾಡಿದರು.

“ಏನ್ರೀ, ನ್ಯಾಮತಿ ಯಾವಾಗ್ರೀ ಬಳ್ಳಾರಿಗೆ ಹೋತು?”

“ನ್ಯಾಮತಿ ಅಲ್ಲ ಸಾರ್, ಹರಪನಹಳ್ಳಿ.”

“ಹರಪನಹಳ್ಳಿ ನನಗೂ ಗೊತ್ತು. ನೀವು ನ್ಯಾಮತೀನೂ ಕಳಿಸೀರಿ. ಹೊನ್ನಾಳಿ ಪಕ್ಕದ ಊರು, ಬಳ್ಳಾರಿಗೆ ಹೆಂಗ್ ಹೋಗ್ತದೆ?”

ಕೊನೆಯ ಸಾಲನ್ನು ನೋಡಿ. `85%` ಎಂದರೆ 85 ಎಂದು ಶುರುವಾಗುವುದೆಲ್ಲ. ಹೊನ್ನಾಳಿಯಿಂದ ಬೇರೆಯಾಗಿ ನ್ಯಾಮತಿ ಆಗಷ್ಟೇ ಹೊಸ ತಾಲೂಕಾಗಿತ್ತು. ನಮ್ಮವರು ಅದಕ್ಕೊಂದು ಹೊಸ ಸಾಲು ಹಾಕಿದ್ದರು, ಸರತಿಯಲ್ಲಿ ಅದಕ್ಕೆ ಸಿಕ್ಕಿದ ಸಂಖ್ಯೆ 851. ದಾರಿ `/1/2/12/851/`. ನನ್ನ ಕ್ವೆರಿಯ ಕಣ್ಣಿಗೆ ಅದೂ ಹರಪನಹಳ್ಳಿಯ ಮಗುವೇ. ಅದರ ಹಣೆಯನ್ನೂ ಅಳಿಸಿ `/1/3/14/851/` ಎಂದು ನೀಟಾಗಿ ಬರೆದುಬಿಟ್ಟಿತ್ತು. ಆ ದಾರಿಯಲ್ಲಿ ಹುಳುಕು ಕಾಣುವುದಿಲ್ಲ, ಬಳ್ಳಾರಿಯ ಕೆಳಗಿನ ಯಾವುದೋ ತಾಲೂಕು ಎಂದೇ ತೋರುತ್ತದೆ. ಅಲ್ಲಿ ಬೇಕಿದ್ದದ್ದು ಒಂದೇ ಒಂದು ಓರೆಗೆರೆ: `/1/2/12/85/%`. ಅದಕ್ಕೇ ಈ ಪದ್ಧತಿಯಲ್ಲಿ ದಾರಿಯ ತುದಿಗೂ ಒಂದು ಗೆರೆ ಇರಲೇಬೇಕು, ಹುಡುಕುವಾಗಲೂ ಅದನ್ನು ಬಿಡಬಾರದು.

ಆ ತಪ್ಪನ್ನು ಸರಿಪಡಿಸಲು ಸಾಧ್ಯವಾದದ್ದು ಒಂದು ಆಕಸ್ಮಿಕದಿಂದ. ದಾರಿಯ ಕಾಲಂ ಸೇರಿಸಿದಾಗ ಹಳೆಯ `parent_id` ಕಾಲಂ ಅಳಿಸಲು ಮರೆತಿದ್ದೆ. ನ್ಯಾಮತಿಯ ದಾರಿ ಬಳ್ಳಾರಿ ಎನ್ನುತ್ತಿತ್ತು, `parent_id` ಮಾತ್ರ ಇನ್ನೂ 12 ಎಂದೇ ಹೇಳುತ್ತಿತ್ತು. ಪ್ರತಿ ಊರಿನ ದಾರಿಯೂ ಅದರ ಅಪ್ಪನ ದಾರಿಗೆ ತನ್ನ ಸಂಖ್ಯೆ ಅಂಟಿಸಿದಂತೆಯೇ ಇರಬೇಕು. ಹಾಗಿಲ್ಲದವರನ್ನು ಹಿಡಿದು ಕೊಡು ಎಂದು ಒಂದು ಕ್ವೆರಿ ಬರೆದೆ:

```sql
SELECT c.id, c.name
FROM place c JOIN place p ON c.parent_id = p.id
WHERE c.path <> CONCAT(p.path, c.id, '/');
```

ಬಂದದ್ದು ಎರಡು ಸಾಲು. ಒಂದು ನ್ಯಾಮತಿ. ಇನ್ನೊಂದು ಹರಪನಹಳ್ಳಿಯೇ, ಏಕೆಂದರೆ ಅದರ `parent_id`ಯನ್ನು 14 ಮಾಡುವುದನ್ನೇ ನಾನು ಮರೆತಿದ್ದೆ. ನ್ಯಾಮತಿಯ ಕೆಳಗಿನ ಹಳ್ಳಿಗಳೂ ಬಳ್ಳಾರಿಗೆ ಹೋಗಿದ್ದವು, ಆದರೆ ಅವು ಪಟ್ಟಿಯಲ್ಲಿ ಬರಲಿಲ್ಲ. ಅಪ್ಪನ ಜೊತೆಗೇ ಹೋದ ಮಕ್ಕಳಿಗೆ ಅಪ್ಪನ ದಾರಿಗೂ ತಮ್ಮ ದಾರಿಗೂ ತಾಳೆ ಇದ್ದೇ ಇರುತ್ತದೆ. ಅಂದರೆ ಈ ಕ್ವೆರಿ ಬೊಟ್ಟು ಮಾಡುವುದು ಕೊಂಬೆ ಮುರಿದ ಜಾಗವನ್ನು, ಸರಿ ಮಾಡಬೇಕಾದದ್ದು ಪೂರ್ತಿ ಕೊಂಬೆಯನ್ನು. ಈಗ ಇದು ನಮ್ಮಲ್ಲಿ ಪ್ರತಿ ರಾತ್ರಿ ಓಡುತ್ತದೆ. ಖಾಲಿ ಬಂದರೆ ನೆಮ್ಮದಿ.

ಪಿನ್‌ಕೋಡ್ ವಿಷಯ ಅರ್ಧಕ್ಕೆ ಬಿಟ್ಟೆ. ಹರಪನಹಳ್ಳಿಯ ಪಿನ್ 583131. ದಾವಣಗೆರೆ ಜಿಲ್ಲೆಯಲ್ಲಿದ್ದ ಇಪ್ಪತ್ತು ವರ್ಷವೂ ಅದು 583131 ಆಗಿಯೇ ಇತ್ತು, ಬಳ್ಳಾರಿ ಗುರುತಿನೊಂದಿಗೆ. ಅಂಚೆಯವರು ಜಾಣರು. ದಾರಿಯನ್ನು ಒಮ್ಮೆ ಲಕ್ಷಾಂತರ ಲಕೋಟೆ, ಲೆಟರ್‌ಹೆಡ್, ಅಂಗಡಿ ಬೋರ್ಡುಗಳ ಮೇಲೆ ಬರೆದಾದ ಮೇಲೆ ತಿದ್ದುವುದು ಆಗದ ಮಾತೆಂದು ಅವರಿಗೆ ಗೊತ್ತು. ಅವರ ಮರ ಕಾಗದದ ಚೀಲ ಸಾಗುವ ಮರ, ಕಂದಾಯ ಇಲಾಖೆಯ ಮರವಲ್ಲ. ಪಿನ್‌ಕೋಡ್ ನೋಡಿ ಜಿಲ್ಲೆ ತುಂಬುವ ಅರ್ಜಿ ನಮೂನೆಗಳು ಆ ಇಪ್ಪತ್ತು ವರ್ಷ ಹರಪನಹಳ್ಳಿಯವರಿಗೆ ಏನು ಹೇಳಿರಬಹುದೆಂದು ಊಹಿಸಿಕೊಳ್ಳಿ.

ಮೂರನೆಯದು ಕ್ಲೋಷರ್ ಟೇಬಲ್. ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೆಳವರು ಬರುವುದನ್ನು ಹಿರಿಯರು ಕಂಡಿರುತ್ತಾರೆ. ಮನೆ ಮುಂದೆ ನಿಂತು ಆ ಮನೆತನದ ಮೂಲಪುರುಷನಿಂದ ಇವತ್ತು ತೊಟ್ಟಿಲಲ್ಲಿರುವ ಕೂಸಿನವರೆಗೆ ಹೇಳುವವರು. ಮನೆಯವರಿಗೆ ಅಪ್ಪನ ಹೆಸರು ಗೊತ್ತಿದ್ದರೆ ಸಾಕು, ಸಂಬಂಧದ ಲೆಕ್ಕವೆಲ್ಲ ಹೆಳವರ ಹತ್ತಿರ. ಕ್ಲೋಷರ್ ಟೇಬಲ್ ಹೀಗೆ ಪಕ್ಕದಲ್ಲಿ ಇಟ್ಟುಕೊಳ್ಳುವ ಇನ್ನೊಂದು ಪುಸ್ತಕ. ಅದರಲ್ಲಿ ಊರುಗಳಿರುವುದಿಲ್ಲ, ಜೋಡಿಗಳಿರುತ್ತವೆ: ಹಿರಿಯ ಯಾರು, ಕಿರಿಯ ಯಾರು, ನಡುವೆ ಎಷ್ಟು ಮೆಟ್ಟಿಲು. ಅಪ್ಪ-ಮಗನ ಜೋಡಿ ಮಾತ್ರವಲ್ಲ, ಅಜ್ಜ-ಮೊಮ್ಮಗ, ಮುತ್ತಜ್ಜ-ಮರಿಮಗ, ಎಲ್ಲ ಜೋಡಿಗಳೂ. ಪ್ರತಿಯೊಬ್ಬನೂ ತನಗೆ ತಾನೇ ಸೊನ್ನೆ ದೂರದಲ್ಲಿ ಎಂಬ ಸಾಲೂ ಇರುತ್ತದೆ. ಚಿಗಟೇರಿಗೆ ಸಂಬಂಧಿಸಿದ ಸಾಲುಗಳು, 2018ಕ್ಕೆ ಮುಂಚೆ:

```
ancestor  descendant  depth
1         412         4
2         412         3
12        412         2
85        412         1
412       412         0
```

ಈಗ ಯಾವ ಪ್ರಶ್ನೆಗೂ ಸುತ್ತು ಹೊಡೆಯಬೇಕಾಗಿಲ್ಲ. ದಾವಣಗೆರೆಯೊಳಗೆ ಏನೇನಿದೆ? ಹಿರಿಯ 12 ಇರುವ ಸಾಲುಗಳು. ಚಿಗಟೇರಿ ಯಾವ ಜಿಲ್ಲೆ, ಯಾವ ವಿಭಾಗ? ಕಿರಿಯ 412 ಇರುವ ಸಾಲುಗಳು. ದಾರಿಯ ಪದ್ಧತಿಯಲ್ಲಿ ಕೆಳಗಿಳಿಯುವುದು ಸಲೀಸು, ಮೇಲೇರುವುದಕ್ಕೆ ಇಂಡೆಕ್ಸ್ ನೆರವಾಗುವುದಿಲ್ಲ. ಇಲ್ಲಿ ಎರಡೂ ಒಂದೇ. ಇನ್ನೊಂದು ಅನುಕೂಲವನ್ನು ಹೆಚ್ಚು ಜನ ಗಮನಿಸುವುದಿಲ್ಲ. ಈ ಪುಸ್ತಕದಲ್ಲಿರುವುದೆಲ್ಲ ನಿಜವಾದ ಊರ ಸಂಖ್ಯೆಗಳು, ಆದ್ದರಿಂದ ಇಲ್ಲದ ಊರಿನ ಸಂಖ್ಯೆ ಹಾಕಿದರೆ ಡೇಟಾಬೇಸ್ ತಡೆಯುವಂತೆ ಮಾಡಬಹುದು. ದಾರಿ ಎಂಬುದು ಬರೀ ಅಕ್ಷರಗಳ ಸರ. ಅದರ ಮಧ್ಯೆ ಅಳಿಸಿಹೋದ ತಾಲೂಕಿನ ಸಂಖ್ಯೆ ಕುಳಿತಿದ್ದರೂ ಕೇಳುವವರಿಲ್ಲ.

ಬೆಲೆ ಎಂದರೆ ಜಾಗ. ಕರ್ನಾಟಕದಲ್ಲಿ 29,000ಕ್ಕೂ ಹೆಚ್ಚು ಹಳ್ಳಿಗಳಿವೆ. ಒಂದೊಂದು ಹಳ್ಳಿಗೂ ರಾಜ್ಯ, ವಿಭಾಗ, ಜಿಲ್ಲೆ, ತಾಲೂಕು, ಹೋಬಳಿ ಮತ್ತು ತಾನು ಎಂದು ಆರು ಸಾಲು. ಒಟ್ಟು ಒಂದೂಮುಕ್ಕಾಲು ಲಕ್ಷದ ಹತ್ತಿರ. ಇವತ್ತಿನ ಯಂತ್ರಕ್ಕೆ ಇದು ಯಾವ ಲೆಕ್ಕ? ನನಗೆ ಅನ್ನಿಸುವಂತೆ, ಜಾಗದ ನೆಪ ಹೇಳಿ ಈ ಪದ್ಧತಿಯನ್ನು ದೂರ ಇಡುವವರು ಎಣಿಸಿ ನೋಡಿದವರಲ್ಲ. ಮರ ಅಗಲವಾಗಿ ಹರಡಿದ್ದರೆ ಸಾಲುಗಳು ಮಿತಿಯಲ್ಲೇ ಇರುತ್ತವೆ. ಅವು ಏರುವುದು ಮರ ಆಳಕ್ಕೆ ಇಳಿದಾಗ. ಒಬ್ಬರಿಗೊಬ್ಬರು ಉತ್ತರ ಕೊಡುತ್ತಾ ಇನ್ನೂರು ಮೆಟ್ಟಿಲು ಇಳಿಯುವ ಸರಣಿ ಇದ್ದರೆ ಆ ಒಂದು ಸರಣಿಗೇ ಇಪ್ಪತ್ತು ಸಾವಿರ ಸಾಲು ಆಗುತ್ತವೆ. ಜಿಲ್ಲೆ, ತಾಲೂಕುಗಳಿಗೆ ಆ ಭಯವಿಲ್ಲ.

ಕಷ್ಟ ಮತ್ತೆ ಎತ್ತಿಡುವುದರಲ್ಲಿ. ಹರಪನಹಳ್ಳಿ, ಚಿಗಟೇರಿ ಮತ್ತು ಚಿಗಟೇರಿ ಹೋಬಳಿಯ ಒಂದು ಹಳ್ಳಿ, ಇಷ್ಟೇ ಇವೆ ಎಂದುಕೊಳ್ಳೋಣ. ಹೊರಗಿನ ಹಿರಿಯರು ಮೂವರು: ದಾವಣಗೆರೆ, ಬೆಂಗಳೂರು ವಿಭಾಗ, ಕರ್ನಾಟಕ. ಮೂರು ಮೂರಲೆ ಒಂಬತ್ತು ಜೋಡಿ ಕಡಿಯಬೇಕು. ಆಮೇಲೆ ಬಳ್ಳಾರಿ, ಕಲಬುರಗಿ ವಿಭಾಗ, ಕರ್ನಾಟಕ ಈ ಮೂವರೊಂದಿಗೆ ಒಂಬತ್ತು ಹೊಸ ಜೋಡಿ ಕಟ್ಟಬೇಕು. ಕರ್ನಾಟಕ ಎರಡು ಕಡೆಯೂ ಇದೆ, ಕಡಿದು ಮತ್ತೆ ಕಟ್ಟುವುದು ದಂಡ ಅನ್ನಿಸುತ್ತದೆ. ಆದರೂ ಹಾಗೆ ಮಾಡುವುದೇ ಸುರಕ್ಷಿತ. ಮೆಟ್ಟಿಲ ಎಣಿಕೆ ಬದಲಾಗಿದ್ದರೆ ಅದೂ ಸರಿಯಾಗುತ್ತದೆ. ಕಟ್ಟುವ ಕ್ವೆರಿ ಚಂದವಾಗಿದೆ:

```sql
INSERT INTO closure (ancestor, descendant, depth)
SELECT a.ancestor, d.descendant, a.depth + d.depth + 1
FROM closure a CROSS JOIN closure d
WHERE a.descendant = 14 AND d.ancestor = 85;
```

ಬಳ್ಳಾರಿಯ ಹಿರಿಯರೆಲ್ಲರನ್ನೂ ಹರಪನಹಳ್ಳಿಯ ಕಿರಿಯರೆಲ್ಲರ ಜೊತೆ ಒಬ್ಬೊಬ್ಬರನ್ನಾಗಿ ಕೂಡಿಸು ಎಂದು ಇದರ ಅರ್ಥ. ಬೀಗರ ಕಡೆಯವರನ್ನೆಲ್ಲ ಹೆಣ್ಣಿನ ಕಡೆಯವರಿಗೆ ಪರಿಚಯ ಮಾಡಿಸಿದ ಹಾಗೆ.

ತಪ್ಪಾಗುವುದು ಕಡಿಯುವಾಗ. ಕಿರಿಯರ ಪಟ್ಟಿಯಲ್ಲಿ ಈ ಮೂರು ಇರುವ ಸಾಲುಗಳನ್ನೆಲ್ಲ ಅಳಿಸು ಎಂದು ಬರೆದರೆ ದಾವಣಗೆರೆ-ಚಿಗಟೇರಿ ಜೋಡಿಯ ಜೊತೆಗೆ ಹರಪನಹಳ್ಳಿ-ಚಿಗಟೇರಿ ಜೋಡಿಯೂ ಹೋಗುತ್ತದೆ, ಚಿಗಟೇರಿ-ಚಿಗಟೇರಿ ಸಾಲೂ ಹೋಗುತ್ತದೆ. ಮನೆ ಬದಲಿಸುವಾಗ ಸಾಮಾನಿನ ಜೊತೆ ಮನೆಮಂದಿಯನ್ನೂ ಬೇರೆ ಬೇರೆ ಮಾಡಿದಂತೆ. ಹಿರಿಯ ಹೊರಗಿನವನಾಗಿರಬೇಕು, ಕಿರಿಯ ಒಳಗಿನವನಾಗಿರಬೇಕು. ಅಂಥ ಜೋಡಿ ಮಾತ್ರ ಕಡಿಯಬೇಕು. ಇದರ ಪತ್ತೆಗೆ ಸುಲಭದ ಎಣಿಕೆಯಿದೆ. ದೂರ ಸೊನ್ನೆ ಇರುವ ಸಾಲುಗಳೆಷ್ಟು, ಊರುಗಳೆಷ್ಟು ಎಂದು ನೋಡುವುದು. ಎರಡೂ ಸಮ ಇರಲೇಬೇಕು. ಕಡಿಯುವುದು, ಕಟ್ಟುವುದು ಎರಡನ್ನೂ ಒಂದೇ ವಹಿವಾಟಿನಲ್ಲಿ ಮಾಡಬೇಕು, ನಡುವೆ ಕರೆಂಟ್ ಹೋದರೆ ಹರಪನಹಳ್ಳಿ ಯಾವ ಜಿಲ್ಲೆಗೂ ಸೇರದೆ ಅಂತರದಲ್ಲಿ ನಿಲ್ಲಬಾರದು.

ನಮ್ಮ ಸರಕಿನ ಪಟ್ಟಿಯೂ ಒಂದು ಮರವೇ. ಬೀಜ, ಅದರೊಳಗೆ ತರಕಾರಿ, ಅದರೊಳಗೆ ಮೆಣಸಿನಕಾಯಿ. ಮಾರುವ ಹುಡುಗರು ಬ್ಯಾಡಗಿ ಮೆಣಸಿನಕಾಯಿಯನ್ನು ಸಾಂಬಾರ ಬೆಳೆಯ ಕೆಳಗೂ ತೋರಿಸಿ ಎಂದರು. ಒಂದೇ `parent_id` ಇರುವಲ್ಲಿ ಎರಡು ಅಪ್ಪಂದಿರಿಗೆ ಜಾಗವಿಲ್ಲ. ಕ್ಲೋಷರ್ ಪುಸ್ತಕದಲ್ಲಿ ಎರಡು ಜೋಡಿ ಬರೆಯಬಹುದು, ಬರೆದೆವು. ಒಂದು ವರ್ಷದ ಮೇಲೆ ಸಾಂಬಾರದ ಕೊಂಡಿ ತೆಗೆದುಹಾಕಿ ಎಂದರು. ತೆಗೆದಾಗ ಮೆಣಸಿನಕಾಯಿ ‘ಬೀಜ’ದ ಅಡಿಯಿಂದಲೇ ಮಾಯವಾಯಿತು. ಬೀಜ-ಮೆಣಸಿನಕಾಯಿ ಜೋಡಿ ಎರಡು ದಾರಿಗೂ ಸೇರಿದ್ದಾಗಿತ್ತು. ಒಂದನ್ನು ಕಡಿಯುವಾಗ ಇನ್ನೊಂದರ ಕಾಲೂ ಹೋಯಿತು. ಎರಡು ಅಪ್ಪಂದಿರಿರುವುದು ಮರವಲ್ಲ, ಬೇರೆಯೇ ಪ್ರಾಣಿ. ಅಂಥದ್ದನ್ನು ಮರದ ಟೇಬಲ್‌ಗೆ ತುರುಕದೆ ‘ಇಲ್ಲಿಯೂ ತೋರಿಸು’ ಎಂಬ ಪ್ರತ್ಯೇಕ ಚೀಟಿ ಇಡುವುದು ವಾಸಿ.

ಈಗ ನಾವು ಇಟ್ಟುಕೊಂಡಿರುವುದು ಹೀಗೆ. ಸತ್ಯ ಎಂಬುದು `parent_id` ಒಂದೇ. ಕ್ಲೋಷರ್ ಪುಸ್ತಕ ಅದರಿಂದ ಹುಟ್ಟಿದ್ದು; ಅನುಮಾನ ಬಂದರೆ ಪೂರ್ತಿ ಹರಿದು ಹಾಕಿ ಕೆಲವೇ ಕ್ಷಣಗಳಲ್ಲಿ ಹೊಸದು ಬರೆಸಬಹುದು. ದಾರಿಯ ಕಾಲಂ ಪರದೆಯ ಮೇಲೆ ‘ಕರ್ನಾಟಕ › ವಿಜಯನಗರ › ಹರಪನಹಳ್ಳಿ’ ಎಂದು ತೋರಿಸುವುದಕ್ಕೆ ಮಾತ್ರ. ಇವತ್ತು ಹೊಸದಾಗಿ ಶುರು ಮಾಡುವುದಾದರೆ ಕ್ಲೋಷರನ್ನೂ ಮೊದಲ ದಿನ ಕಟ್ಟುವುದಿಲ್ಲ. ಮೈಎಸ್‌ಕ್ಯೂಎಲ್‌ಗೂ ಸುತ್ತು ಹೊಡೆಯುವ ಕ್ವೆರಿ ಬಂದ ಮೇಲೆ, ಐದಾರು ಮೆಟ್ಟಿಲಿನ ಮರಕ್ಕೆ `parent_id` ಮೇಲೊಂದು ಇಂಡೆಕ್ಸ್ ಇದ್ದರೆ ಬಹುಕಾಲ ಸಾಗುತ್ತದೆ.

ಇಷ್ಟೆಲ್ಲ ಸರಿಯಾದ ಮೇಲೂ ಅದೇ ಹಿರಿಯರಿಂದ ಮತ್ತೆ ಫೋನ್ ಬಂತು. ಈ ಸಲ ದನಿಯಲ್ಲಿ ಸಿಟ್ಟಿರಲಿಲ್ಲ, ಅಚ್ಚರಿಯಿತ್ತು.

“2016ರ ಲೆಕ್ಕ ಆಡಿಟ್ ಆಗಿ ಸಹಿ ಬಿದ್ದಿದೆ ಕಣ್ರೀ. ಈಗ ಅದೇ ವರದಿ ತೆಗೆದರೆ ದಾವಣಗೆರೆ ಮಾರಾಟ ಕಡಿಮೆ ತೋರಿಸ್ತದೆ. ಮುಗಿದು ಹೋದ ವರ್ಷ ಹೆಂಗ್ರೀ ಬದಲಾಗ್ತದೆ?”

ಬದಲಾಗಿದ್ದು ವರ್ಷವಲ್ಲ, ಮರ. ಹರಪನಹಳ್ಳಿಯನ್ನು ಬಳ್ಳಾರಿಗೆ ಎತ್ತಿಟ್ಟಾಗ ಅದು 2016ರಲ್ಲೂ ಬಳ್ಳಾರಿಯಲ್ಲೇ ಇತ್ತು ಎಂದು ನಮ್ಮ ಡೇಟಾಬೇಸ್ ತಿಳಿದುಕೊಂಡಿತು. ಮೂರು ಪದ್ಧತಿಗಳಲ್ಲಿ ಯಾವುದನ್ನು ಬಳಸಿದ್ದರೂ ಇದೇ ಆಗುತ್ತಿತ್ತು. ಮೂರಕ್ಕೂ ಗೊತ್ತಿರುವುದು ಇವತ್ತು ಮಾತ್ರ. ನಿನ್ನೆ ಯಾರ ಮಗನಾಗಿದ್ದೆ ಎಂದು ಹೇಳಲು ಅವುಗಳಲ್ಲಿ ಜಾಗವಿಲ್ಲ.

ಆದ್ದರಿಂದ ಅಪ್ಪನ ಸಂಖ್ಯೆಯನ್ನು ಊರಿನ ಸಾಲಿನಿಂದ ಕಿತ್ತು ಬೇರೆ ಟೇಬಲ್‌ಗೆ ಹಾಕಿ, ಪಕ್ಕದಲ್ಲಿ ಎಂದಿನಿಂದ, ಎಂದಿನವರೆಗೆ ಎಂದು ಎರಡು ಕಾಲಂ ಸೇರಿಸಿದೆವು. ಹಿರಿಯರು ಕೇಳುವ ಪ್ರಶ್ನೆಗಳೂ ಎರಡಾದವು. ಮಾರಾಟವಾದ ದಿನ ಆ ಊರು ಯಾವ ಜಿಲ್ಲೆಯಲ್ಲಿತ್ತೋ ಆ ಜಿಲ್ಲೆಗೆ ಸೇರಿಸಿ ಲೆಕ್ಕ ಕೊಡಿ, ಇದು ಆಡಿಟ್‌ಗೆ. ಈಗಿನ ಜಿಲ್ಲೆಗಳ ಪ್ರಕಾರ ಹಿಂದಿನ ಹತ್ತು ವರ್ಷ ತೋರಿಸಿ, ಇದು ಮುಂದಿನ ವರ್ಷಕ್ಕೆ ಎಷ್ಟು ಸರಕು ತರಿಸಬೇಕೆಂದು ನೋಡುವುದಕ್ಕೆ. ಎರಡೂ ಸರಿಯಾದ ಉತ್ತರವೇ, ಮೊತ್ತಗಳು ಮಾತ್ರ ಬೇರೆ. ವರದಿಯ ತಲೆಯಲ್ಲಿ ಇದು ಯಾವುದೆಂದು ಬರೆಯದಿದ್ದರೆ ಜಗಳ ಖಾತ್ರಿ.

ಇಲ್ಲಿಯೂ ಒಂದು ಸಣ್ಣ ಗುಂಡಿ ಇದೆ. ದಾವಣಗೆರೆಯ ಕೊನೆಯ ದಿನ ಮತ್ತು ಬಳ್ಳಾರಿಯ ಮೊದಲ ದಿನ ಒಂದೇ ತಾರೀಖು ಬರೆದು, ಎರಡೂ ತುದಿ ಸೇರಿಸಿ ಹುಡುಕಿದರೆ ಆ ಒಂದು ದಿನದ ಮಾರಾಟ ಎರಡೂ ಜಿಲ್ಲೆಯಲ್ಲಿ ಎಣಿಕೆಯಾಗುತ್ತದೆ. ಶುರುವಿನ ದಿನ ಸೇರಿದೆ, ಕೊನೆಯ ದಿನ ಸೇರಿಲ್ಲ ಎಂದು ಒಮ್ಮೆ ನಿಯಮ ಮಾಡಿಕೊಂಡು ಎಲ್ಲೆಡೆ ಅದನ್ನೇ ಪಾಲಿಸಬೇಕು.

2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿ ಒಟ್ಟಿಗೆ ಹೊರಟವು. ಹೊಸ ಜಿಲ್ಲೆಗೆ ನಮ್ಮಲ್ಲಿ ಸಿಕ್ಕ ಸಂಖ್ಯೆ 1207. ಹಳೆಯ ಆರು ಸಾಲುಗಳಿಗೆ ಮುಕ್ತಾಯದ ತಾರೀಖು ಹಾಕಿದೆವು, ಹೊಸ ಆರು ಸಾಲು ಬರೆದೆವು, ಕ್ಲೋಷರ್ ಪುಸ್ತಕವನ್ನು ಮತ್ತೆ ಬರೆಸಿದೆವು, ರಾತ್ರಿಯ ತಾಳೆ ಕ್ವೆರಿ ಖಾಲಿ ಬಂತು. ಹಿರಿಯರ ಫೋನ್ ಬರಲಿಲ್ಲ. ನಾನೇ ಮಾಡಿ ಕೇಳಿದೆ. “ಹರಪನಹಳ್ಳಿದು ಒಂದು ಪ್ರಿಂಟ್ ತೆಗೆದು ಕಳಿಸ್ರೀ, ಫೈಲಿಗೆ ಹಾಕ್ತೀನಿ” ಎಂದರು. ದಿನ, ತಿಂಗಳು ಬಿಟ್ಟು ವರ್ಷ ಮಾತ್ರ ಇಟ್ಟುಕೊಂಡು ಕಳಿಸಿದ್ದು ಇದು:

```
child   parent   from    to
85      14       -       1997
85      12       1997    2018
85      14       2018    2021
85      1207     2021
```

ಕೊನೆಯ ಸಾಲಿನ ಖಾಲಿ ಜಾಗಕ್ಕೆ ಅವರು ಪೆನ್ಸಿಲ್‌ನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದಾರೆ.